ಗರ್ಭನಿರೋಧಕ ಗುಳಿಗೆ ಕೈಕೊಡುವುದು ಯಾವಾಗ? ಮರೆವು, ವಾಂತಿ, ಬೇರೆ ಔಷಧಿ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗ ಭಾಗದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಮಾಲಾ-ಎನ್ ಮತ್ತು ಅದೇ ಬಗೆಯ ದಿನಕ್ಕೊಂದು ಗುಳಿಗೆ. ಇಲ್ಲಿನ ಉತ್ತರಗಳೆಲ್ಲ ಮುಖ್ಯವಾಗಿ ಅದಕ್ಕೇ ಸಂಬಂಧಿಸಿದವು. ಛಾಯಾ ಮತ್ತು ಒಂದೇ ಹಾರ್ಮೋನಿನ ಗುಳಿಗೆಯ ಲೆಕ್ಕ ಬೇರೆ, ಅದು ಕೊನೆಯ ಹೊತ್ತಿಗೆ ಬರುತ್ತದೆ. ಓದುವಾಗ ನಿಮ್ಮ ಗುಳಿಗೆ ಪಟ್ಟಿ ಕೈಯಲ್ಲಿರಲಿ, ಎಣಿಸುವ ಕೆಲಸ ಇದೆ.

ನಾನು ತಗೊಳ್ಳೋದು ಯಾವ ಬಗೆಯ ಗುಳಿಗೆ ಅಂತ ಹೇಗೆ ತಿಳ್ಕೊಳ್ಳೋದು?

ಪಟ್ಟಿಯ ಹಿಂಬದಿ ಓದಿ. ಎಥಿನಿಲ್ ಎಸ್ಟ್ರಾಡಿಯಾಲ್ ಎಂಬ ಹೆಸರಿನ ಜೊತೆಗೆ ಇನ್ನೊಂದು ಹಾರ್ಮೋನಿನ ಹೆಸರೂ ಇದ್ದರೆ ಅದು ಎರಡು ಹಾರ್ಮೋನಿನ ಗುಳಿಗೆ. ಆಶಾ ಕಾರ್ಯಕರ್ತೆ ತಂದುಕೊಡುವ ಅಥವಾ ಉಪಕೇಂದ್ರದಲ್ಲಿ ಸಿಗುವ ಮಾಲಾ-ಎನ್‌ನಲ್ಲಿ 28 ಗುಳಿಗೆ ಇರುತ್ತವೆ. ಮೊದಲ 21 ಬಿಳಿ ಗುಳಿಗೆಗಳಲ್ಲಿ ಲೆವೊನಾರ್ಜೆಸ್ಟ್ರೆಲ್ 0.15 ಮಿಲಿಗ್ರಾಂ ಮತ್ತು ಎಥಿನಿಲ್ ಎಸ್ಟ್ರಾಡಿಯಾಲ್ 0.03 ಮಿಲಿಗ್ರಾಂ ಇದೆ. ಉಳಿದ 7 ಗಾಢ ಬಣ್ಣದವು ಬರೀ ಕಬ್ಬಿಣಾಂಶದ ಗುಳಿಗೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಕೆಲವು ಪಟ್ಟಿಗಳಲ್ಲಿ 21 ಮಾತ್ರ ಇರುತ್ತವೆ. ಅವನ್ನು ಮುಗಿಸಿ 7 ದಿನ ಬಿಟ್ಟು ಹೊಸ ಪಟ್ಟಿ ಶುರು ಮಾಡಬೇಕು. ಮಾಲಾ-ಎನ್‌ನಲ್ಲಿ ಕಬ್ಬಿಣದ ಗುಳಿಗೆ ನುಂಗುವ ವಾರವೂ ಇದೂ ಒಂದೇ: ಎರಡರಲ್ಲೂ ಆ 7 ದಿನ ಹಾರ್ಮೋನ್ ಇಲ್ಲ. ಈ ಖಾಲಿ ವಾರವನ್ನು ನೆನಪಿಟ್ಟುಕೊಳ್ಳಿ, ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಒಂದೆರಡು ಗುಳಿಗೆ ತಪ್ಪಿದರೆ ಅಷ್ಟು ದೊಡ್ಡ ವಿಷಯವೇ?

ಯಾವ ಗುಳಿಗೆ ತಪ್ಪಿತು ಎನ್ನುವುದರ ಮೇಲೆ ಹೋಗುತ್ತದೆ. ಗುಳಿಗೆಯ ಮುಖ್ಯ ಕೆಲಸ ಅಂಡಾಶಯದಿಂದ ಅಂಡ ಬಿಡುಗಡೆಯಾಗದಂತೆ ತಡೆಯುವುದು. ಬಿಳಿ ಗುಳಿಗೆ ಸತತ 7 ದಿನ ಹೊಟ್ಟೆಗೆ ಹೋದರೆ ಅಂಡಾಶಯ ಸುಮ್ಮನಾಗುತ್ತದೆ. ಖಾಲಿ ವಾರದಲ್ಲಿ ಹಾರ್ಮೋನ್ ನಿಂತಾಗ ಅದು ಮತ್ತೆ ಚುರುಕಾಗಿ, ಒಳಗೆ ಅಂಡಕೋಶ ಬೆಳೆಯತೊಡಗುತ್ತದೆ. 7 ದಿನಕ್ಕೆ ಸರಿಯಾಗಿ ಹೊಸ ಪಟ್ಟಿ ಶುರುವಾದರೆ ಆ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಖಾಲಿ ದಿನಗಳು 9, 10 ಎಂದು ಬೆಳೆದರೆ ಅಂಡ ಹೊರಬೀಳುವ ಅಪಾಯ ಶುರುವಾಗುತ್ತದೆ.

ಆದ್ದರಿಂದ ಪಟ್ಟಿಯ ನಡುವಿನ ಗುಳಿಗೆಗಿಂತ ಎರಡು ತುದಿಯ ಬಿಳಿ ಗುಳಿಗೆ ತಪ್ಪುವುದೇ ಹೆಚ್ಚು ಅಪಾಯ. ಮೊದಲ ವಾರದ್ದು ತಪ್ಪಿದರೆ ಖಾಲಿ ವಾರ ಮುಗಿಯುವುದು ತಡವಾಗುತ್ತದೆ, ಮೂರನೇ ವಾರದ್ದು ತಪ್ಪಿದರೆ ಅದು ಮೊದಲೇ ಶುರುವಾದಂತಾಗುತ್ತದೆ, ಎರಡರಲ್ಲೂ ಖಾಲಿ ದಿನ ಹೆಚ್ಚುತ್ತವೆ. ಬಹಳಷ್ಟು ಜನ ಇದನ್ನು ತಲೆಕೆಳಗಾಗಿ ತಿಳಿದಿರುತ್ತಾರೆ. "ಮುಟ್ಟು ಈಗ ತಾನೇ ಮುಗಿದಿದೆ, ಎರಡು ದಿನ ತಡವಾದರೆ ಏನು" ಎಂದು ಹೊಸ ಪಟ್ಟಿಯನ್ನು ನಿಧಾನಕ್ಕೆ ಶುರು ಮಾಡುವುದು ಗುಳಿಗೆ ಕೈಕೊಡುವ ದಾರಿಗಳಲ್ಲೆಲ್ಲ ಹತ್ತಿರದ ದಾರಿ. ಒಂದೂ ತಪ್ಪದೆ ತೆಗೆದುಕೊಂಡರೆ ವರ್ಷಕ್ಕೆ 100 ಮಹಿಳೆಯರಲ್ಲಿ ಒಬ್ಬರಿಗೂ ಗರ್ಭ ನಿಲ್ಲುವುದಿಲ್ಲ. ನಿತ್ಯದ ಬಳಕೆಯಲ್ಲಿ, ಅಂದರೆ ಮರೆತು, ತಡಮಾಡಿ ತೆಗೆದುಕೊಳ್ಳುವವರನ್ನೂ ಸೇರಿಸಿದರೆ, ಅದು ಸುಮಾರು 7 ಆಗುತ್ತದೆ.

ನಿನ್ನೆ ರಾತ್ರಿ ಒಂದು ಗುಳಿಗೆ ಮರೆತೆ. ಈಗೇನು ಮಾಡಲಿ?

ನೆನಪಾದ ಕ್ಷಣ ಅದನ್ನು ನುಂಗಿ. ಇವತ್ತಿನದನ್ನು ಎಂದಿನ ಹೊತ್ತಿಗೇ ತೆಗೆದುಕೊಳ್ಳಿ. ನೆನಪಾಗಿದ್ದೇ ಇವತ್ತಿನ ಗುಳಿಗೆಯ ಹೊತ್ತಿಗಾದರೆ ಎರಡನ್ನೂ ಒಟ್ಟಿಗೆ ನುಂಗಿದರೂ ತೊಂದರೆಯಿಲ್ಲ. ಸ್ವಲ್ಪ ಹೊಟ್ಟೆ ತೊಳಸಬಹುದು, ಅಷ್ಟೇ. ಉಳಿದ ಗುಳಿಗೆಗಳೆಲ್ಲ ಸರಿಯಾಗಿ ಹೋಗಿದ್ದರೆ ನಿರೋಧ್ ಬೇಕಾಗಿಲ್ಲ, ತುರ್ತು ಗುಳಿಗೆಯೂ ಬೇಡ. ಹೊಸ ಪಟ್ಟಿಯನ್ನು ಒಂದು ದಿನ ತಡವಾಗಿ ಶುರು ಮಾಡಿದ್ದರೂ ಇದೇ ಮಾತು.

ಮರೆತಿದ್ದು ಕಬ್ಬಿಣದ ಗುಳಿಗೆಯಾದರೆ ಅದನ್ನು ಎಸೆದು ಮುಂದಕ್ಕೆ ಹೋಗಿ. ಆದರೆ ಹೊಸ ಪಟ್ಟಿ ಶುರುವಾಗುವ ದಿನ ಮಾತ್ರ ಬದಲಾಗಬಾರದು.

ಎರಡು ದಿನ ತಪ್ಪಿತು. ಗುಳಿಗೆ ನಿಲ್ಲಿಸಿ ಮುಂದಿನ ಮುಟ್ಟಿಗೆ ಕಾಯಬೇಕೇ?

ಬೇಡ. ನಿಲ್ಲಿಸಿದರೆ ಖಾಲಿ ದಿನಗಳು ಇನ್ನಷ್ಟು ಬೆಳೆಯುತ್ತವೆ. ತಪ್ಪಿದ ಗುಳಿಗೆಯ ಹೊತ್ತು ಕಳೆದು 48 ಗಂಟೆ ಅಥವಾ ಹೆಚ್ಚಾಗಿದ್ದರೆ, ಅಂದರೆ ಸತತ ಎರಡು ಅಥವಾ ಹೆಚ್ಚು ಬಿಳಿ ಗುಳಿಗೆ ತಪ್ಪಿದ್ದರೆ, ಕೊನೆಯದಾಗಿ ತಪ್ಪಿದ ಒಂದನ್ನು ಮಾತ್ರ ಈಗಲೇ ನುಂಗಿ. ಅದಕ್ಕೂ ಹಿಂದಿನವನ್ನು ಎಸೆಯಿರಿ. ನಾಲ್ಕೈದನ್ನು ಒಟ್ಟಿಗೆ ನುಂಗಿದರೆ ವಾಂತಿ ಬರುತ್ತದೆಯೇ ಹೊರತು ಕಳೆದ ದಿನಗಳ ರಕ್ಷಣೆ ವಾಪಸ್ ಬರುವುದಿಲ್ಲ. ಆಮೇಲೆ ದಿನಕ್ಕೊಂದರಂತೆ ಮುಂದುವರಿಸಿ, ಸತತ 7 ಬಿಳಿ ಗುಳಿಗೆ ಹೊಟ್ಟೆಗೆ ಹೋಗುವ ತನಕ ನಿರೋಧ್ ಬಳಸಿ ಅಥವಾ ದೂರವಿರಿ.

ಉಳಿದದ್ದು ಯಾವ ವಾರ ಎನ್ನುವುದರ ಮೇಲೆ. ಮೊದಲ ವಾರದಲ್ಲಿ ತಪ್ಪಿದ್ದು, ಹಿಂದಿನ 5 ದಿನಗಳಲ್ಲಿ ನಿರೋಧ್ ಇಲ್ಲದೆ ಸೇರಿದ್ದರೆ ತುರ್ತು ಗರ್ಭನಿರೋಧಕ ಬೇಕಾಗುತ್ತದೆ. ಎರಡನೇ ವಾರದಲ್ಲಿ ತಪ್ಪಿದ್ದು, ಅದಕ್ಕೆ ಮುಂಚಿನ 7 ಸರಿಯಾಗಿ ಹೋಗಿದ್ದರೆ ತುರ್ತು ಗುಳಿಗೆ ಬೇಡ, 7 ದಿನದ ನಿರೋಧ್ ಸಾಕು. ಮೂರನೇ ವಾರದ್ದಕ್ಕೆ ಬೇರೆ ಉಪಾಯವಿದೆ, ಅದು ಮುಂದಿದೆ.

ಮೊದಲ ವಾರದ ಲೆಕ್ಕ ಅರ್ಥವಾಗಲಿಲ್ಲ. ಒಂದು ಉದಾಹರಣೆ ಕೊಡಿ.

ಜಗಳೂರಿನ ಒಬ್ಬಾಕೆ ದಿನಾ ರಾತ್ರಿ 9ಕ್ಕೆ, ಊಟವಾದ ಮೇಲೆ ಮಾಲಾ-ಎನ್ ತೆಗೆದುಕೊಳ್ಳುತ್ತಾಳೆ ಎಂದಿಟ್ಟುಕೊಳ್ಳಿ. ಭಾನುವಾರ ಕಬ್ಬಿಣದ ಕೊನೆಯ ಗುಳಿಗೆ ಮುಗಿಯಿತು. ಅಂದು ರಾತ್ರಿ 11ಕ್ಕೆ ಗಂಡ ಹೆಂಡತಿ ಸೇರಿದ್ದಾರೆ. ಸೋಮವಾರ ಬೆಳಿಗ್ಗೆ ದುಗ್ಗಮ್ಮನ ಜಾತ್ರೆಗೆಂದು ದಾವಣಗೆರೆಯ ತವರಿಗೆ ಹೊರಟಳು, ಹೊಸ ಪಟ್ಟಿ ಮನೆಯಲ್ಲೇ ಉಳಿಯಿತು. ವಾಪಸ್ ಬಂದದ್ದು ಬುಧವಾರ ರಾತ್ರಿ 9ಕ್ಕೆ.

ಈಗ ಎಣಿಸಿ. ಕಬ್ಬಿಣದ 7 ದಿನ, ಅದರ ಮೇಲೆ ಸೋಮವಾರ, ಮಂಗಳವಾರ: ಒಟ್ಟು 9 ಖಾಲಿ ದಿನ. ಸೋಮವಾರದ ಗುಳಿಗೆಯ ಹೊತ್ತು ಕಳೆದು ಸರಿಯಾಗಿ 48 ಗಂಟೆ. ಮೊದಲ ವಾರ, ಎರಡು ಗುಳಿಗೆ, ಹಿಂದಿನ 5 ದಿನದೊಳಗೆ ಸೇರಿದ್ದೂ ಇದೆ. ಭಾನುವಾರ ಒಂದೂ ಬಿಳಿ ಗುಳಿಗೆ ತಪ್ಪಿರಲಿಲ್ಲವಲ್ಲ ಎಂದು ಆಕೆಗೆ ಅನಿಸಬಹುದು. ಆದರೆ ವೀರ್ಯಾಣು ಒಳಗೆ 5 ದಿನದವರೆಗೂ ಜೀವಂತ ಇರಬಲ್ಲದು. ಅಂಡ ಗುರುವಾರವೋ ಶುಕ್ರವಾರವೋ ಹೊರಬಿದ್ದರೆ ಭಾನುವಾರದ್ದೇ ಸಾಕು.

ಆಕೆ ಬುಧವಾರ ರಾತ್ರಿ ಮಾಡಬೇಕಾದದ್ದು ಇಷ್ಟು. ಮಂಗಳವಾರದ ಗುಳಿಗೆ ಮತ್ತು ಬುಧವಾರದ ಗುಳಿಗೆ ಎರಡನ್ನೂ ನುಂಗುವುದು, ಸೋಮವಾರದ್ದನ್ನು ಎಸೆಯುವುದು. ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂನ ತುರ್ತು ಗುಳಿಗೆಯನ್ನೂ ಅದೇ ರಾತ್ರಿ ತೆಗೆದುಕೊಳ್ಳುವುದು. ಇದು ಆಶಾ ಬಳಿ ಈಜಿ ಪಿಲ್ ಎಂಬ ಹೆಸರಿನಲ್ಲಿ ಇರುತ್ತದೆ, ಮೆಡಿಕಲ್ ಶಾಪಿನಲ್ಲಿ ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ. ಅದನ್ನು 72 ಗಂಟೆಯೊಳಗೆ ತೆಗೆದುಕೊಳ್ಳಬೇಕು, ಬೇಗ ತೆಗೆದುಕೊಂಡಷ್ಟೂ ಒಳ್ಳೆಯದು. ಭಾನುವಾರ ರಾತ್ರಿ 11ರಿಂದ ಬುಧವಾರ ರಾತ್ರಿ 9ಕ್ಕೆ 70 ಗಂಟೆ ಕಳೆದಿದೆ, ಉಳಿದಿರುವುದು ಎರಡೇ ಗಂಟೆ. ಬೆಳಿಗ್ಗೆ ನೋಡೋಣ ಎನ್ನುವ ಹಾಗಿಲ್ಲ.

ಆ ರಾತ್ರಿ ಗುಳಿಗೆ ಸಿಗಲೇ ಇಲ್ಲ ಎಂದರೆ ಇನ್ನೊಂದು ದಾರಿ ತೆರೆದೇ ಇದೆ: ಕಾಪರ್-ಟಿ, ನಮ್ಮಲ್ಲಿ ವಂಕಿ ಎನ್ನುವುದು. ಸೇರಿದ 5 ದಿನದೊಳಗೆ ಹಾಕಿಸಿದರೆ ತುರ್ತು ಗುಳಿಗೆಗಿಂತ ಎಷ್ಟೋ ಗಟ್ಟಿಯಾಗಿ ಕೆಲಸ ಮಾಡುತ್ತದೆ. ಆಕೆಗೆ ಶುಕ್ರವಾರ ರಾತ್ರಿಯವರೆಗೆ ಸಮಯವಿದೆ, ಅಂದರೆ ಗುರುವಾರ ಬೆಳಿಗ್ಗೆಯೇ ತಾಲ್ಲೂಕು ಆಸ್ಪತ್ರೆಗೋ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ ಹೋಗಿ, "ತುರ್ತಾಗಿ ವಂಕಿ ಹಾಕಿಸಬೇಕು, ಭಾನುವಾರ ಸೇರಿದ್ದು" ಎಂದು ದಿನ ಹೇಳಿ ಕೇಳಬೇಕು. ದಿನ ಹೇಳದಿದ್ದರೆ ಮುಟ್ಟಾದಾಗ ಬನ್ನಿ ಎಂದು ವಾಪಸ್ ಕಳಿಸುವ ಸಂಭವ ಉಂಟು.

ನಿರೋಧ್ ಎಲ್ಲಿಯ ತನಕ? ಬುಧವಾರದ ಗುಳಿಗೆಯನ್ನು ಒಂದು ಎಂದು ಎಣಿಸಿದರೆ ಏಳನೆಯದು ಮುಂದಿನ ಮಂಗಳವಾರ ರಾತ್ರಿ. ಅದು ಹೊಟ್ಟೆಗೆ ಹೋಗುವ ತನಕ. ಮೂತ್ರ ಪರೀಕ್ಷೆ ಆ ಭಾನುವಾರದಿಂದ ಮೂರು ವಾರಕ್ಕೆ.

ಪಟ್ಟಿಯ ಕೊನೆ ಕೊನೆಗೆ ತಪ್ಪಿದರೆ?

15ರಿಂದ 21ನೇ ಬಿಳಿ ಗುಳಿಗೆಗಳಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಖಾಲಿ ವಾರವನ್ನೇ ಬಿಟ್ಟುಬಿಡಿ. ಉದಾಹರಣೆಗೆ 17, 18 ತಪ್ಪಿದವು. 18ನ್ನು ನೆನಪಾದಾಗಲೇ ನುಂಗಿ, 19, 20, 21 ಆಯಾ ದಿನ ಮುಗಿಸಿ, ಕಬ್ಬಿಣದ ಗುಳಿಗೆಗಳನ್ನು ಮುಟ್ಟದೆ ಮರುದಿನವೇ ಹೊಸ ಪಟ್ಟಿಯ ಮೊದಲ ಬಿಳಿ ಗುಳಿಗೆ ಶುರು ಮಾಡಿ. ಸತತ 7 ಆಗುವ ತನಕ ನಿರೋಧ್ ಇರಲಿ. ಕೈಯಲ್ಲಿ ಇನ್ನೊಂದು ಪಟ್ಟಿ ಇಲ್ಲದಿದ್ದರೆ ಈ ಉಪಾಯ ನಡೆಯುವುದಿಲ್ಲ. ಆಶಾ ಹತ್ತಿರ ಒಂದು ಪಟ್ಟಿ ಹೆಚ್ಚಿಗೆ ಕೇಳಿ ಇಟ್ಟುಕೊಳ್ಳಿ ಎನ್ನುವುದು ಇದಕ್ಕೇ.

ಹೀಗೆ ಮಾಡಿದಾಗ ಆ ತಿಂಗಳು ಮುಟ್ಟು ಬರುವುದಿಲ್ಲ, ಅಥವಾ ನಡುನಡುವೆ ಕಲೆ ಕಾಣಬಹುದು. ಗುಳಿಗೆ ತೆಗೆದುಕೊಳ್ಳುವಾಗ ಬರುವ ಮುಟ್ಟು ಹಾರ್ಮೋನ್ ನಿಂತದ್ದಕ್ಕೆ ಬರುವ ರಕ್ತಸ್ರಾವ. ನಿಲ್ಲಿಸದಿದ್ದರೆ ಬರುವುದಿಲ್ಲ, ಬರದಿದ್ದರೆ ಕೆಟ್ಟ ರಕ್ತ ಒಳಗೇ ಉಳಿಯುವುದೂ ಇಲ್ಲ.

ಗುಳಿಗೆ ನುಂಗಿ ಒಂದು ತಾಸಿಗೆ ವಾಂತಿ ಆಯ್ತು. ಇನ್ನೊಂದು ತಗೊಳ್ಳಲೇ?

ತಗೊಳ್ಳಿ. ಗುಳಿಗೆ ಹೊಟ್ಟೆಯಲ್ಲಿ ಕರಗಿ, ಸಣ್ಣ ಕರುಳಿನಲ್ಲಿ ಹೀರಿಕೊಂಡು ರಕ್ತಕ್ಕೆ ಸೇರಲು ಹೊತ್ತು ಬೇಕು. ಎಷ್ಟು ಹೊತ್ತು ಎನ್ನುವಲ್ಲಿ ವೈದ್ಯರ ಮಾರ್ಗಸೂಚಿಗಳು ಪೂರ್ತಿ ಒಂದಾಗಿಲ್ಲ, ಕೆಲವು 2 ಗಂಟೆ ಎನ್ನುತ್ತವೆ, ಕೆಲವು 3 ಗಂಟೆ. ಒಂದು ಗುಳಿಗೆ ಹೆಚ್ಚಾದರೆ ಹಾನಿಯಿಲ್ಲ, ಕಡಿಮೆಯಾದರೆ ಉಂಟು. ಹಾಗಾಗಿ 3 ಗಂಟೆ ಎಂದೇ ಇಟ್ಟುಕೊಳ್ಳಿ. 3 ಗಂಟೆ ದಾಟಿದ ಮೇಲಿನ ವಾಂತಿಗೆ ಗುಳಿಗೆ ಮತ್ತೆ ಬೇಕಿಲ್ಲ. ವಾಂತಿಯಲ್ಲಿ ಗುಳಿಗೆ ಕಾಣಿಸಿತೋ ಇಲ್ಲವೋ ಎಂದು ಹುಡುಕಬೇಡಿ, ಕರಗಿದ್ದು ಕಾಣುವುದಿಲ್ಲ. ಗಡಿಯಾರ ನೋಡಿದರೆ ಸಾಕು.

ಇಲ್ಲಿ ಒಂದು ಗೊಂದಲ ಸಾಮಾನ್ಯ. ಬದಲಿ ಗುಳಿಗೆಯನ್ನು ಅದೇ ಪಟ್ಟಿಯ ನಾಳಿನ ಮನೆಯಿಂದ ತೆಗೆದರೆ ವಾರದ ದಿನಗಳ ಲೆಕ್ಕ ತಪ್ಪುತ್ತದೆ. ಹೆಚ್ಚುವರಿ ಪಟ್ಟಿಯ ಒಂದು ಬಿಳಿ ಗುಳಿಗೆ ತೆಗೆದುಕೊಳ್ಳಿ. ಆ ಪಟ್ಟಿಯ ಮೇಲೆ ಪೆನ್ನಿನಿಂದ ಗುರುತು ಹಾಕಿ, ಮುಂದೆಯೂ ಬದಲಿಗೆಂದೇ ಇಡಿ.

ಬದಲಿ ಗುಳಿಗೆಯೂ ವಾಂತಿಯಾದರೆ ಆ ದಿನವನ್ನು ತಪ್ಪಿದ ದಿನ ಎಂದು ಬರೆದುಕೊಳ್ಳಿ. ದಿನಾ ಗುಳಿಗೆ ನುಂಗಿದ ಮೇಲೆ ಹೊಟ್ಟೆ ತೊಳಸುವುದಾದರೆ ಬೆಳಿಗ್ಗೆ ಖಾಲಿ ಹೊಟ್ಟೆಯಿಂದ ರಾತ್ರಿ ಊಟದ ನಂತರಕ್ಕೆ ಬದಲಾಯಿಸಿ. ಹೊಸದಾಗಿ ಶುರು ಮಾಡಿದವರಿಗೆ ಈ ತೊಳಸು ಎರಡು ಮೂರು ತಿಂಗಳಲ್ಲಿ ಸಾಮಾನ್ಯವಾಗಿ ತಗ್ಗುತ್ತದೆ.

ಎರಡು ದಿನ ವಾಂತಿ-ಭೇದಿ ಇತ್ತು. ಗುಳಿಗೆ ಮಾತ್ರ ತಪ್ಪಿಸಿಲ್ಲ. ಆಗ?

ಬಾಯಿಗೆ ಹೋಗಿದೆ, ರಕ್ತಕ್ಕೆ ಸೇರಿದೆಯೋ ಇಲ್ಲವೋ ಹೇಳಲಾಗುವುದಿಲ್ಲ. ಒಂದೆರಡು ಸಲ ಭೇದಿಯಾಗುವುದು ಲೆಕ್ಕಕ್ಕಿಲ್ಲ. ವಾಂತಿಯಾಗಲಿ, ನೀರಿನಂತಹ ಜೋರು ಭೇದಿಯಾಗಲಿ 24 ಗಂಟೆಗಿಂತ ಹೆಚ್ಚು ನಡೆದರೆ, ಅಂಥ ಪ್ರತಿ ದಿನವನ್ನೂ ಗುಳಿಗೆ ತಪ್ಪಿದ ದಿನ ಎಂದೇ ಹಿಡಿಯಿರಿ. ಒಂದು ದಿನವಾದರೆ ಒಂದು ಗುಳಿಗೆ ಮರೆತ ನಿಯಮ. ಎರಡು ದಿನ ಅಥವಾ ಹೆಚ್ಚಾದರೆ ಎರಡು ಗುಳಿಗೆ ಮರೆತ ನಿಯಮ: ಯಾವ ವಾರ ಎಂದು ನೋಡಿ, ಅದರಂತೆ ನಡೆಯಿರಿ. ನಿರೋಧ್ ಬೇಕಾದ 7 ದಿನಗಳ ಎಣಿಕೆ ಶುರುವಾಗುವುದು ಹೊಟ್ಟೆ ಸರಿಯಾದ ಮೇಲೆ, ಕಾಯಿಲೆ ಬಿದ್ದ ದಿನದಿಂದಲ್ಲ. ಕಾಯಿಲೆಯ ದಿನಗಳಲ್ಲೂ ಗುಳಿಗೆ ನಿಲ್ಲಿಸಬೇಡಿ, ಅರ್ಧದಷ್ಟಾದರೂ ಒಳಗೆ ಹೋದರೆ ಹೋಗಲಿ.

ಓಆರ್‌ಎಸ್ ಕುಡಿಯುವುದರಿಂದ ಗುಳಿಗೆಗೆ ಯಾವ ಅಡ್ಡಿಯೂ ಇಲ್ಲ. ವಾಂತಿ ನಿಲ್ಲಲು ಕೊಡುವ ಒಂಡಾನ್‌ಸೆಟ್ರಾನ್‌ನಿಂದಲೂ ಇಲ್ಲ.

ಆ್ಯಂಟಿಬಯೋಟಿಕ್ ತಗೊಂಡರೆ ಗರ್ಭನಿರೋಧಕ ಗುಳಿಗೆ ಕೆಲಸ ಮಾಡಲ್ಲ ಅಂತಾರಲ್ಲ?

ಹಳೆಯ ಮಾತು, ಬಹುಮಟ್ಟಿಗೆ ಸುಳ್ಳು. ಅಮಾಕ್ಸಿಸಿಲಿನ್, ಅಜಿತ್ರೊಮೈಸಿನ್, ಡಾಕ್ಸಿಸೈಕ್ಲಿನ್, ಮೆಟ್ರೊನಿಡಜೋಲ್ ಇವ್ಯಾವುವೂ ಗುಳಿಗೆಯ ಬಲ ಕುಂದಿಸುವುದಿಲ್ಲ. ಅವುಗಳಿಂದ ಜೋರು ವಾಂತಿ-ಭೇದಿ ಶುರುವಾದರೆ ಮೇಲಿನ ನಿಯಮ ಹಿಡಿಯಿರಿ, ಅಷ್ಟೇ. ನಿಜವಾಗಿ ಭಯಪಡಬೇಕಾದ ಆ್ಯಂಟಿಬಯೋಟಿಕ್ ಗುಂಪು ಒಂದೇ: ರಿಫಾಂಪಿಸಿನ್, ರಿಫಾಪೆಂಟಿನ್, ರಿಫಾಬ್ಯುಟಿನ್.

ಟಿಬಿಗೆ ಔಷಧಿ ಶುರುವಾಗಿದೆ. ಮಾಲಾ-ಎನ್ ಮುಂದುವರಿಸಬಹುದೇ?

ನುಂಗುವುದರಿಂದ ಹಾನಿಯಿಲ್ಲ, ಆದರೆ ಅದನ್ನು ನಂಬಬಾರದು. ಸರ್ಕಾರಿ ಟಿಬಿ ಚಿಕಿತ್ಸೆಯಲ್ಲಿ ಕೊಡುವ ಬಹು ಔಷಧಿಯ ಗುಳಿಗೆಯೊಳಗೆ ರಿಫಾಂಪಿಸಿನ್ ಸೇರಿರುತ್ತದೆ. ಮೂತ್ರ ಕಿತ್ತಳೆ-ಕೆಂಪು ಬಣ್ಣಕ್ಕೆ ತಿರುಗಿದ್ದರೆ ಅದು ಇದರಿಂದಲೇ. ಔಷಧಿಗಳನ್ನು ಒಡೆದು ಹೊರಹಾಕುವ ಕಿಣ್ವಗಳು ಯಕೃತ್ತಿನಲ್ಲಿವೆ. ರಿಫಾಂಪಿಸಿನ್ ಅವುಗಳ ಪ್ರಮಾಣವನ್ನೇ ಹೆಚ್ಚಿಸಿಬಿಡುತ್ತದೆ. ಆಗ ರಾತ್ರಿ ನುಂಗಿದ ಮಾಲಾ-ಎನ್‌ನ ಹಾರ್ಮೋನ್ ಮರುದಿನದ ಗುಳಿಗೆಯ ಹೊತ್ತಿಗೆ ರಕ್ತದಲ್ಲಿ ಸಾಕಷ್ಟು ಉಳಿದಿರುವುದಿಲ್ಲ. ಒಂದು ದಿನವೂ ತಪ್ಪದೆ ತೆಗೆದುಕೊಂಡರೂ ದಿನಾ ತಪ್ಪಿಸಿದಂತೆಯೇ ಆಗುತ್ತದೆ. ಟಿಬಿ ಗುಳಿಗೆ ಬೆಳಿಗ್ಗೆ, ಮಾಲಾ-ಎನ್ ರಾತ್ರಿ ಎಂದು ಹೊತ್ತು ಬೇರೆ ಮಾಡಿದರೆ ಪ್ರಯೋಜನವಿಲ್ಲ, ಏಕೆಂದರೆ ಇವೆರಡು ಹೊಟ್ಟೆಯಲ್ಲಿ ಬೆರೆತು ಕೆಡುವ ವಿಷಯವಲ್ಲ ಇದು. ಮಾಲಾ-ಎನ್ ಅನ್ನು ಎರಡೆರಡು ನುಂಗುವುದೂ ಪರಿಹಾರವಲ್ಲ.

ನಡುತಿಂಗಳಲ್ಲಿ ರಕ್ತದ ಕಲೆ ಕಾಣಿಸಿದರೆ ಹಾರ್ಮೋನ್ ಕಡಿಮೆಯಾಗಿದೆ ಎನ್ನುವ ಸೂಚನೆ ಇರಬಹುದು. ಕಲೆ ಕಾಣದಿದ್ದ ಮಾತ್ರಕ್ಕೆ ರಕ್ಷಣೆ ಇದೆ ಎಂದಲ್ಲ.

ಸಾಮಾನ್ಯ ಟಿಬಿ ಚಿಕಿತ್ಸೆ 6 ತಿಂಗಳು. ಔಷಧಿ ನಿಂತ ಮೇಲೂ ಕಿಣ್ವಗಳು ಮೊದಲಿನ ಮಟ್ಟಕ್ಕೆ ಇಳಿಯಲು ಸುಮಾರು 4 ವಾರ ಬೇಕು. ಅಂದರೆ ಕನಿಷ್ಠ 7 ತಿಂಗಳಿಗೆ ಬೇರೆ ವಿಧಾನ ನೋಡಿಕೊಳ್ಳಬೇಕು. ವಂಕಿಗೆ ರಿಫಾಂಪಿಸಿನ್‌ನಿಂದ ಏನೂ ಆಗುವುದಿಲ್ಲ, ಅದರಲ್ಲಿ ಹಾರ್ಮೋನೇ ಇಲ್ಲ. ಮೂರು ತಿಂಗಳಿಗೊಮ್ಮೆ ಕೊಡುವ ಅಂತರ ಚುಚ್ಚುಮದ್ದೂ ನಡೆಯುತ್ತದೆ. ಟಿಬಿ ಗರ್ಭಕೋಶದ ಭಾಗಕ್ಕೇ ತಗುಲಿದ್ದರೆ ವಂಕಿ ಹಾಕಿಸಬಾರದು, ಅಂತರವೇ ಸರಿ. ಅದು ಹಾಕಿಸುವ ತನಕ ನಿರೋಧ್. ಮನೆಯಲ್ಲಿ ಒಬ್ಬರಿಗೆ ಟಿಬಿ ಬಂದಾಗ ಉಳಿದವರಿಗೆ ವಾರಕ್ಕೊಮ್ಮೆಯಂತೆ 12 ವಾರ ಕೊಡುವ ತಡೆ ಔಷಧಿಯಲ್ಲೂ ರಿಫಾಪೆಂಟಿನ್ ಇರುತ್ತದೆ. ಅದು ವಾರಕ್ಕೊಂದೇ ಸಲ ಅಲ್ಲವೇ ಎಂದು ಹಗುರ ಮಾಡಬೇಡಿ, ಅದಕ್ಕೂ ಇದೇ ಎಚ್ಚರಿಕೆ.

ಒಂದು ಮಾತು ಸ್ಪಷ್ಟವಾಗಿರಲಿ: ಇವೆರಡರಲ್ಲಿ ಬದಲಾಯಿಸಬೇಕಾದದ್ದು ಗರ್ಭನಿರೋಧಕವನ್ನು, ಟಿಬಿ ಔಷಧಿಯನ್ನಲ್ಲ.

ಫಿಟ್ಸ್ ಗುಳಿಗೆಗೂ ಹೀಗೇ ಆಗುತ್ತದೆಯೇ?

ಎಲ್ಲದಕ್ಕೂ ಅಲ್ಲ. ಫೆನಿಟಾಯಿನ್, ಕಾರ್ಬಮಜೆಪಿನ್, ಫೆನೊಬಾರ್ಬಿಟೋನ್, ಆಕ್ಸ್‌ಕಾರ್ಬಜೆಪಿನ್ ಇವು ರಿಫಾಂಪಿಸಿನ್ ಹಾಗೆಯೇ ಕಿಣ್ವ ಹೆಚ್ಚಿಸುತ್ತವೆ. ಫಿಟ್ಸ್ ಔಷಧಿ ವರ್ಷಗಟ್ಟಲೆ ನಡೆಯುವಂಥದ್ದಾದ್ದರಿಂದ ಮಾಲಾ-ಎನ್ ಬಿಟ್ಟು ವಂಕಿ ಅಥವಾ ಅಂತರಕ್ಕೆ ಹೋಗುವುದೇ ಜಾಣತನ. ಟೋಪಿರಾಮೇಟ್ ಕಡಿಮೆ ಪ್ರಮಾಣದಲ್ಲಿ ಅಷ್ಟಾಗಿ ತೊಂದರೆ ಕೊಡದಿದ್ದರೂ ದಿನಕ್ಕೆ 200 ಮಿಲಿಗ್ರಾಂ ಮತ್ತು ಮೇಲಾದರೆ ಗುಳಿಗೆಯ ಬಲ ಕುಗ್ಗಿಸುತ್ತದೆ.

ಲೆವೆಟಿರಸೆಟಮ್ ಮತ್ತು ವಾಲ್ಪ್ರೊಯೇಟ್ ಗುಳಿಗೆಯನ್ನು ಕೆಡಿಸುವುದಿಲ್ಲ. ಆದರೆ ವಾಲ್ಪ್ರೊಯೇಟ್ ತೆಗೆದುಕೊಳ್ಳುವಾಗ ಗರ್ಭ ನಿಂತರೆ ಮಗುವಿಗೆ ಗಂಭೀರ ಹಾನಿಯಾಗಬಹುದು. ಹಾಗಾಗಿ ಅದನ್ನು ಸೇವಿಸುವವರು ಮರೆಯಲು ಆಸ್ಪದವಿಲ್ಲದ ವಿಧಾನವನ್ನೇ ಕೇಳಬೇಕು. ಲ್ಯಾಮೊಟ್ರಿಜಿನ್‌ನದು ಉಲ್ಟಾ ಕಥೆ: ಮಾಲಾ-ಎನ್‌ನಲ್ಲಿರುವ ಈಸ್ಟ್ರೊಜನ್ ರಕ್ತದಲ್ಲಿ ಲ್ಯಾಮೊಟ್ರಿಜಿನ್ ಮಟ್ಟವನ್ನೇ ಇಳಿಸಿ ಫಿಟ್ಸ್ ಮರುಕಳಿಸುವಂತೆ ಮಾಡಬಹುದು. ವೈದ್ಯರಿಗೆ ಹೇಳದೆ ಇವೆರಡನ್ನು ಜೊತೆ ಸೇರಿಸಬೇಡಿ.

ಎಚ್‌ಐವಿ ಚಿಕಿತ್ಸೆಯಲ್ಲಿ ಡೊಲುಟೆಗ್ರಾವಿರ್ ಇರುವ ಗುಳಿಗೆಯಿಂದ ತೊಂದರೆಯಿಲ್ಲ, ಎಫಾವಿರೆಂಜ್ ಇದ್ದರೆ ಉಂಟು. ನೀವು ಯಾವುದರಲ್ಲಿದ್ದೀರಿ ಎಂಬುದನ್ನು ಎಆರ್‌ಟಿ ಕೇಂದ್ರದಲ್ಲಿ ಕೇಳಿದರೆ ಹೇಳುತ್ತಾರೆ.

ಈ ಔಷಧಿಗಳಲ್ಲಿರುವಾಗ ತುರ್ತು ಗುಳಿಗೆ ನಂಬಬಹುದೇ?

ಒಂದು ಗುಳಿಗೆಯನ್ನು ನಂಬುವ ಹಾಗಿಲ್ಲ, ಅದರ ಹಾರ್ಮೋನನ್ನೂ ಯಕೃತ್ತು ಬೇಗ ಒಡೆಯುತ್ತದೆ. ಮೊದಲ ಆಯ್ಕೆ 5 ದಿನದೊಳಗೆ ವಂಕಿ. ಅದು ಆಗದಿದ್ದರೆ 1.5 ಮಿಲಿಗ್ರಾಂನ ಎರಡು ಗುಳಿಗೆ, ಒಟ್ಟು 3 ಮಿಲಿಗ್ರಾಂ, ಒಟ್ಟಿಗೇ. ರಿಫಾಂಪಿಸಿನ್ ಅಥವಾ ಮೇಲೆ ಹೇಳಿದ ಫಿಟ್ಸ್ ಔಷಧಿ ನಿಲ್ಲಿಸಿ 4 ವಾರ ಆಗಿಲ್ಲದವರಿಗೂ ಇದೇ. ಬೇರೆಯವರಿಗೆ ಒಂದೇ ಸಾಕು, ಎರಡು ನುಂಗಿದರೆ ಲಾಭವಿಲ್ಲ.

ತುರ್ತು ಗುಳಿಗೆ ನುಂಗಿ 3 ಗಂಟೆಯೊಳಗೆ ವಾಂತಿಯಾದರೆ ಅಷ್ಟೇ ಪ್ರಮಾಣವನ್ನು ಮತ್ತೆ ತೆಗೆದುಕೊಳ್ಳಬೇಕು. ಇನ್ನು, ಅದು ಆಗಿಹೋದದ್ದಕ್ಕೆ ಮಾತ್ರ. ಮುಂದಿನ ದಿನಗಳಿಗೆ ಕಾವಲಿರುವುದಿಲ್ಲ. ಆದ್ದರಿಂದ ಮಾಲಾ-ಎನ್ ಅದೇ ದಿನ ಮುಂದುವರಿಯಬೇಕು, ಜೊತೆಗೆ 7 ದಿನ ನಿರೋಧ್.

ನನ್ನದು ಮಾಲಾ-ಎನ್ ಅಲ್ಲ. ಹಾಲುಣಿಸುವಾಗ ಕೊಡುವ ಗುಳಿಗೆ, ಅಥವಾ ಛಾಯಾ.

ಹಾಲುಣಿಸುವ ತಾಯಂದಿರಿಗೆ ಕೊಡುವ ಒಂದೇ ಹಾರ್ಮೋನಿನ ಗುಳಿಗೆಗೆ ಖಾಲಿ ವಾರ ಇಲ್ಲ, ತಡಕ್ಕೂ ಅವಕಾಶ ಕಡಿಮೆ. ಡೆಸೊಜೆಸ್ಟ್ರೆಲ್ ಎಂದಿದ್ದರೆ 12 ಗಂಟೆ, ಹಳೆಯ ಬಗೆಯದಾದರೆ ಬರೀ 3 ಗಂಟೆ ತಡವಾದರೂ ತಪ್ಪಿದಂತೆ. ನೆನಪಾದಾಗ ನುಂಗಿ. ನಿರೋಧ್ ಎಷ್ಟು ದಿನ ಎನ್ನುವುದು ಪೊಟ್ಟಣದ ಚೀಟಿಯಲ್ಲಿರುತ್ತದೆ. ಸ್ಪಷ್ಟವಾಗದಿದ್ದರೆ 7 ದಿನ ಎಂದಿಟ್ಟುಕೊಂಡರೆ ಮೋಸವಿಲ್ಲ. ಟಿಬಿ, ಫಿಟ್ಸ್ ಔಷಧಿಗಳ ವಿಷಯದಲ್ಲಿ ಇದಕ್ಕೂ ಮೇಲಿನ ಎಚ್ಚರಿಕೆಯೇ.

ಛಾಯಾ ಹಾರ್ಮೋನ್ ಗುಳಿಗೆಯಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಲ, ಆಮೇಲೆ ವಾರಕ್ಕೊಮ್ಮೆ. ಒಂದೆರಡು ದಿನ ತಪ್ಪಿ 7 ದಿನದೊಳಗೆ ನೆನಪಾದರೆ ಕೂಡಲೇ ನುಂಗಿ, ಮೊದಲಿನ ವಾರದ ದಿನಗಳನ್ನೇ ಮುಂದುವರಿಸಿ, ಮುಂದಿನ ಮುಟ್ಟು ಬರುವ ತನಕ ನಿರೋಧ್ ಬಳಸಿ. 7 ದಿನ ಮೀರಿದರೆ ಹೊಸಬರಂತೆ ಮತ್ತೆ ಮೊದಲಿನಿಂದ, ವಾರಕ್ಕೆರಡರಂತೆ ಮೂರು ತಿಂಗಳು.

ಪರೀಕ್ಷೆ ಯಾವಾಗ ಮಾಡಬೇಕು? ಗರ್ಭ ನಿಂತಿದ್ದು ಗೊತ್ತಾಗದೆ ಗುಳಿಗೆ ನುಂಗಿದ್ದರೆ ಮಗುವಿಗೆ ತೊಂದರೆಯೇ?

ರಕ್ಷಣೆ ಇಲ್ಲದೆ ಕೊನೆಯ ಸಲ ಸೇರಿದ ದಿನದಿಂದ 21 ದಿನ ಕಳೆದ ಮೇಲೆ. ಅದಕ್ಕೂ ಮುಂಚೆ ಇಲ್ಲ ಎಂದು ಬಂದರೆ ನೆಚ್ಚಿಕೊಳ್ಳಲಾಗುವುದಿಲ್ಲ. ಆಶಾ ಬಳಿ ನಿಶ್ಚಯ್ ಕಿಟ್ ಸಿಗುತ್ತದೆ. ಬೆಳಗಿನ ಮೊದಲ ಮೂತ್ರ ಬಳಸಿ, ಪೊಟ್ಟಣದ ಮೇಲೆ ಹೇಳಿದಷ್ಟು ಹನಿ ಹಾಕಿ, ಹೇಳಿದಷ್ಟೇ ನಿಮಿಷಕ್ಕೆ ನೋಡಿ. ಗಂಟೆಗಟ್ಟಲೆ ಬಿಟ್ಟು ನೋಡಿದ ಗೆರೆಗೆ ಬೆಲೆ ಇಲ್ಲ. ಖಾಲಿ ವಾರದಲ್ಲಿ ಸ್ವಲ್ಪ ರಕ್ತ ಬಂದಿತು ಎಂಬ ಕಾರಣಕ್ಕೆ ಪರೀಕ್ಷೆ ಬಿಡಬೇಡಿ.

ಗೊತ್ತಾಗದೆ ನುಂಗಿದ ಮಾಲಾ-ಎನ್‌ನಿಂದಾಗಲಿ ತುರ್ತು ಗುಳಿಗೆಯಿಂದಾಗಲಿ ಮಗುವಿಗೆ ಅಂಗದೋಷ ಬರುವುದಿಲ್ಲ. ಗರ್ಭ ಖಚಿತವಾದ ದಿನ ನಿಲ್ಲಿಸಿ. ಫಿಟ್ಸ್ ಔಷಧಿಯನ್ನು ಮಾತ್ರ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ, ಅದೇ ದಿನ ವೈದ್ಯರನ್ನು ಕಾಣಿ. ಪರೀಕ್ಷೆ ಹೌದು ಎಂದು ಬಂದು, ಕಿಬ್ಬೊಟ್ಟೆಯ ಒಂದೇ ಬದಿಗೆ ಜೋರು ನೋವು, ತಲೆಸುತ್ತು, ರಕ್ತಸ್ರಾವ ಇದ್ದರೆ ಗರ್ಭ ನಾಳದಲ್ಲೇ ನಿಂತಿರಬಹುದು. ಬೆಳಗಾಗಲಿ ಎಂದು ಕಾಯದೆ ಜಿಲ್ಲಾ ಆಸ್ಪತ್ರೆಗೆ ಹೋಗಿ.

ಗುಳಿಗೆ ಕೈಕೊಟ್ಟು ಗರ್ಭ ನಿಂತಿದೆ, ನಮಗೆ ಬೇಡ. ಕಾನೂನಿನಲ್ಲಿ ಅವಕಾಶ ಇದೆಯೇ?

ಇದೆ. ಗರ್ಭನಿರೋಧಕ ವಿಫಲವಾಗಿದ್ದು ವೈದ್ಯಕೀಯ ಗರ್ಭಪಾತ ಕಾಯ್ದೆಯಲ್ಲೇ ಹೇಳಿದ ಕಾರಣ. 2021ರ ತಿದ್ದುಪಡಿಯ ನಂತರ ಇದು ಮದುವೆಯಾದವರಿಗೆ ಮಾತ್ರ ಸೀಮಿತವಲ್ಲ. 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 18 ವರ್ಷ ತುಂಬಿದವರಿಗೆ ಅವರ ಒಪ್ಪಿಗೆಯೇ ಸಾಕು, ಗಂಡನ ಸಹಿ ಕಾನೂನು ಕೇಳುವುದಿಲ್ಲ. ಅಂಗಡಿಯಿಂದ ಗರ್ಭಪಾತದ ಗುಳಿಗೆ ತರಿಸಿ ಮನೆಯಲ್ಲಿ ನುಂಗಬೇಡಿ. ಎಷ್ಟು ವಾರ, ಗರ್ಭ ಎಲ್ಲಿ ನಿಂತಿದೆ ಎಂದು ನೋಡದೆ ನುಂಗಿದರೆ ಅರ್ಧಕ್ಕೆ ಉಳಿದು ರಕ್ತ ಹರಿಯುತ್ತಲೇ ಇರುವ ಅಪಾಯವಿದೆ. ಸರ್ಕಾರಿ ಆಸ್ಪತ್ರೆಗೆ ಹೋಗುವಾಗ ಗುಳಿಗೆ ಪಟ್ಟಿಯನ್ನೂ, ಬೇರೆ ಯಾವ ಔಷಧಿ ನಡೆಯುತ್ತಿದೆಯೋ ಅದರ ಚೀಟಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ. ಮುಂದೆ ಯಾವ ವಿಧಾನ ಹೊಂದುತ್ತದೆ ಎಂದು ಅಲ್ಲೇ ನೋಡಿ ಹೇಳುತ್ತಾರೆ, ವಂಕಿಯನ್ನು ಬೇಕಿದ್ದರೆ ಗರ್ಭಪಾತ ಪೂರ್ತಿಯಾದ ಕೂಡಲೇ ಹಾಕಿಸಿಕೊಳ್ಳಬಹುದು.